ತೊಂಬತ್ತೊಂಬತ್ತು ಬಲೂನಿಗೆ ಕೆಂಪು ಬಣ್ಣ ಬಂದದ್ದು

ಹಾಡಿನ ಸಾಲೊಂದು ಪೋಸ್ಟರಿನ ಮೇಲೋ ಆಲ್ಬಮ್ಮಿನ ಕವರಿನ ಮೇಲೋ ಅಚ್ಚಾದಾಗ ಅದರ ರಾಗ ಅಲ್ಲಿರುವುದಿಲ್ಲ. ತಾಳವಿಲ್ಲ, ಗಾಯಕರ ದನಿಯಿಲ್ಲ. ನೋಡುವವರ ಮುಂದಿರುವುದು ಒಂದು ಚಿತ್ರ ಮತ್ತು ನಾಲ್ಕಾರು ಪದಗಳು. ಆ ಪದಗಳನ್ನು ಇನ್ನೊಂದು ಭಾಷೆಗೆ ತರಲು ಹೊರಟವರಿಗೆ ಎರಡು ದಾರಿ ಕಾಣುತ್ತವೆ. ಹಾಡು ಏನು ಹೇಳುತ್ತದೋ ಅದನ್ನು ತರುವುದು ಒಂದು. ಹಾಡು ಹೇಗೆ ನಡೆಯುತ್ತದೋ ಆ ನಡೆಯನ್ನೂ ಪ್ರಾಸವನ್ನೂ ತರುವುದು ಇನ್ನೊಂದು. ಎರಡನ್ನೂ ಪೂರ್ತಿಯಾಗಿ ಉಳಿಸಿಕೊಂಡ ಅನುವಾದ ಅಪರೂಪ. ಯಾವುದನ್ನು ಬಿಡಬೇಕು ಎಂಬುದು ಅನುವಾದಕರ ಅಭಿರುಚಿಗಿಂತ ಹೆಚ್ಚಾಗಿ, ಆ ಪದಗಳನ್ನು ಜನ ಎಲ್ಲಿ, ಹೇಗೆ ಎದುರಾಗುತ್ತಾರೆ ಎಂಬುದನ್ನು ಅವಲಂಬಿಸಿದೆ.

ಹಾಡಿನ ಪೂರ್ಣ ಸಾಹಿತ್ಯವನ್ನು ಆಲ್ಬಮ್ಮಿನ ಹೊದಿಕೆಯ ಮೇಲೇ ಅಚ್ಚು ಹಾಕುವ ರೂಢಿಗೆ ಬ್ರಿಟನ್ನಿನ ಬೀಟಲ್ಸ್ ತಂಡ 1967ರಲ್ಲಿ ಹೊರತಂದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ದೊಡ್ಡ ತಳ್ಳು ಕೊಟ್ಟಿತು. ಅದರ ಹಿಂಬದಿಯಲ್ಲಿ ಕೆಂಪು ಹಿನ್ನೆಲೆಯ ಮೇಲೆ ಹಾಡುಗಳ ಸಾಲುಗಳು ಅಚ್ಚಾಗಿದ್ದವು. ಅಲ್ಲಿಂದ ಮುಂದೆ ಕೇಳುಗರು ಹಾಡನ್ನು ಕೇಳುತ್ತ ಓದುವವರೂ ಆದರು. ಜಪಾನಿನಲ್ಲಿ ಮಾರುತ್ತಿದ್ದ ವಿದೇಶಿ ಎಲ್‌ಪಿ ತಟ್ಟೆಗಳೊಳಗೆ ಮೂಲ ಸಾಹಿತ್ಯವನ್ನೂ ಪಕ್ಕದಲ್ಲೇ ಅದರ ಜಪಾನಿ ಅರ್ಥವನ್ನೂ ಅಚ್ಚು ಮಾಡಿದ ಹಾಳೆಯೊಂದನ್ನು ಇಡುವುದು ಸಾಮಾನ್ಯವಾಗಿತ್ತು. ಆ ಅನುವಾದವನ್ನು ಯಾರೂ ಹಾಡಬೇಕಾಗಿರಲಿಲ್ಲ. ತಟ್ಟೆ ತಿರುಗುವಾಗ ಕಿವಿ ಇಂಗ್ಲಿಷನ್ನು ಕೇಳುತ್ತಿತ್ತು, ಕಣ್ಣು ಜಪಾನಿಯನ್ನು ಓದುತ್ತಿತ್ತು. ಲಯವನ್ನು ಕಿವಿಯೇ ನೋಡಿಕೊಳ್ಳುತ್ತಿದ್ದುದರಿಂದ ಅರ್ಥವನ್ನು ನೇರವಾಗಿ ಕೊಟ್ಟರೆ ಸಾಕಾಗಿತ್ತು. ಅದೇ ಹಾಡನ್ನು ಜಪಾನಿ ಗಾಯಕರು ತಮ್ಮ ಭಾಷೆಯಲ್ಲಿ ಹಾಡುವಾಗ ಬೇಕಾದದ್ದು ಬೇರೆಯದೇ ಪಠ್ಯ.

ನ್ಯೂಜಿಲೆಂಡಿನ ವಿದ್ವಾಂಸ ಪೀಟರ್ ಲೋ ಹಾಡಿನ ಅನುವಾದವನ್ನು ಅಳೆಯಲು ಐದು ಗುಣಗಳನ್ನು ಗುರುತಿಸಿದರು. ಹಾಡಲು ಬಾಯಿಗೆ ಒಗ್ಗುವುದು, ಅರ್ಥ, ಭಾಷೆಯ ಸಹಜತೆ, ಲಯ, ಪ್ರಾಸ. ಐದು ಆಟಗಳ ಒಟ್ಟು ಅಂಕದಿಂದ ವಿಜೇತನನ್ನು ಆರಿಸುವ ಪೆಂಟಾಥ್ಲಾನ್ ಸ್ಪರ್ಧೆಯ ಹೆಸರನ್ನೇ ಅವರು ಈ ತತ್ವಕ್ಕೆ ಕೊಟ್ಟರು. ಯಾವ ಒಂದು ಗುಣದಲ್ಲೂ ಮೊದಲಿಗರಾಗಬೇಕಿಲ್ಲ, ಒಟ್ಟು ಮೊತ್ತ ಚೆನ್ನಾಗಿರಬೇಕು ಎಂಬುದು ಅವರ ವಾದ. ಪ್ರಾಸವೊಂದನ್ನೇ ಹಟ ಹಿಡಿದು ಉಳಿಸಿಕೊಂಡರೆ ಉಳಿದ ಗುಣಗಳಿಗೆ ಪೆಟ್ಟು ಬೀಳುತ್ತದೆ ಎಂದು ಅವರು ಎಚ್ಚರಿಸಿದ್ದಾರೆ. ಆದರೆ ಈ ಲೆಕ್ಕ ಹಾಡುವುದಕ್ಕೆಂದೇ ಮಾಡಿದ ಅನುವಾದದ್ದು. ಪೋಸ್ಟರಿಗೆ ಬಂದಾಗ ಮೊದಲ ಗುಣವೇ ಬೇಕಾಗುವುದಿಲ್ಲ. ಅದು ಬಿದ್ದುಹೋದ ಕೂಡಲೇ ಉಳಿದ ನಾಲ್ಕರ ತೂಕ ಬದಲಾಗುತ್ತದೆ. ಈ ಬದಲಾವಣೆಯನ್ನು ಹತ್ತಿರದಿಂದ ನೋಡಲು ಒಂದೇ ಹಾಡು ಸಾಕು.

1983ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನೇನಾ ಎಂಬ ತಂಡದ ಹಾಡೊಂದು ಬಂತು. ತಂಡದ ಗಾಯಕಿಯ ಹೆಸರೂ ನೇನಾ. ಸಾಹಿತ್ಯ ತಂಡದ ಗಿಟಾರ್ ವಾದಕ ಕಾರ್ಲೋ ಕಾರ್ಗೆಸ್ ಅವರದು, ಸಂಗೀತ ಊವೆ ಫಾರೆನ್‌ಕ್ರೋಗ್-ಪೀಟರ್ಸನ್ ಅವರದು. 1982ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ನಡೆದ ರೋಲಿಂಗ್ ಸ್ಟೋನ್ಸ್ ಕಛೇರಿಯಲ್ಲಿ ಹಾರಿಬಿಟ್ಟ ಬಲೂನುಗಳ ಗುಂಪು ಆಕಾಶದಲ್ಲಿ ಆಕಾರ ಬದಲಿಸುತ್ತ ಸಾಗುವುದನ್ನು ಕಾರ್ಗೆಸ್ ನೋಡಿದರು. ಇವು ಗೋಡೆಯಾಚೆ ಪೂರ್ವ ಬರ್ಲಿನ್ನಿಗೆ ಹೋದರೆ ಏನಾದೀತು ಎಂಬ ಯೋಚನೆಯಿಂದ ಹಾಡು ಹುಟ್ಟಿತು. ಹಾಡಿನ ಹೆಸರು ಜರ್ಮನ್ ಉಚ್ಚಾರಣೆಯಲ್ಲಿ 'ನೊಯ್ನ್-ಉಂಟ್-ನೊಯ್ನ್-ತ್ಸಿಗ್ ಲುಫ್ಟ್-ಬಾ-ಲೋನ್ಸ್'. ಲುಫ್ಟ್ ಎಂದರೆ ಗಾಳಿ. ಜರ್ಮನ್ನಿನಲ್ಲಿ ಮಕ್ಕಳ ಬಲೂನಿಗೆ ದಿನಬಳಕೆಯಲ್ಲಿ ಇರುವ ಪದವೇ ಲುಫ್ಟ್‌ಬಾಲೋನ್. ಆದ್ದರಿಂದ ಹೆಸರಿನ ಅರ್ಥ ಬರಿಯ 'ತೊಂಬತ್ತೊಂಬತ್ತು ಬಲೂನುಗಳು'. ಅಲ್ಲಿ ಯಾವ ಬಣ್ಣವೂ ಇಲ್ಲ.

ಅಮೆರಿಕದಲ್ಲಿ ಜರ್ಮನ್ ರೂಪವೇ ಬಿಲ್‌ಬೋರ್ಡ್ ಪಟ್ಟಿಯ ಎರಡನೆಯ ಸ್ಥಾನಕ್ಕೆ ಏರಿತು. ಬಹುಪಾಲು ಕೇಳುಗರಿಗೆ ಒಂದು ಪದವೂ ತಿಳಿಯದೆ ಹಾಡು ತನ್ನ ನಡೆಯ ಬಲದಿಂದಲೇ ಹಬ್ಬಿತು. ಬ್ರಿಟನ್ನಿಗೆ ಇಂಗ್ಲಿಷ್ ರೂಪ ಸಿದ್ಧವಾಯಿತು, 1984ರಲ್ಲಿ ಅಲ್ಲಿ ಮೊದಲ ಸ್ಥಾನಕ್ಕೂ ಬಂತು. ಆ ಸಾಹಿತ್ಯ ಬರೆದವರು ಕೆವಿನ್ ಮ್ಯಾಕ್‌ಅಲಿಯಾ. ಕವರಿನ ಮೇಲೆ ಅಚ್ಚಾದ ಹೆಸರು 'ನೈಂಟಿ ನೈನ್ ರೆಡ್ ಬಲೂನ್ಸ್'. ಬಲೂನುಗಳು ಕೆಂಪಾದವು.

ಕೆಂಪು ಬಂದ ಕಾರಣ ಪೂರ್ತಿ ಲಯದ್ದು. 'ಲುಫ್ಟ್-ಬಾ-ಲೋನ್ಸ್' ಮೂರು ಉಚ್ಚಾರಾಂಶಗಳ ಪದ. ಮೊದಲನೆಯದರ ಮೇಲೆ ಒತ್ತು, ನಡುವಿನದು ಹಗುರ, ಕೊನೆಯದರ ಮೇಲೆ ಮತ್ತೆ ಭಾರ. ಇಂಗ್ಲಿಷಿನ 'ಬಲೂನ್ಸ್' ಎರಡೇ ಉಚ್ಚಾರಾಂಶಗಳದು. ಎದುರಿನಲ್ಲಿ ಒತ್ತು ಬೀಳುವ ಒಂದು ಸ್ಥಾನ ಖಾಲಿ ಉಳಿಯುತ್ತದೆ. ರಾಗದಲ್ಲಿ ಅಲ್ಲೊಂದು ಪೆಟ್ಟು ಇದ್ದೇ ಇದೆ, ಬಾಯಲ್ಲಿ ಮಾತ್ರ ಅಕ್ಷರವಿಲ್ಲ. 'ರೆಡ್' ಆ ಒಂದು ಪೆಟ್ಟನ್ನು ಸರಿಯಾಗಿ ತುಂಬುತ್ತದೆ. 'ರೆಡ್-ಬ-ಲೂನ್ಸ್' ಎಂಬುದು ಜರ್ಮನ್ ಪದದ ಏರಿಳಿತವನ್ನೇ ಹಿಡಿದಿದೆ, ಕೊನೆಯ ಎರಡು ಭಾಗಗಳಲ್ಲಿ ನಾದವೂ ಹತ್ತಿರ. ಹಾಡುವ ಅನುವಾದದ ದೃಷ್ಟಿಯಿಂದ ಇದಕ್ಕಿಂತ ಅಚ್ಚುಕಟ್ಟಾದ ಪರಿಹಾರ ಸಿಗುವುದು ಕಷ್ಟ.

ಅದೇ ಪದ ಕವರಿನ ಮೇಲೆ ಕೂತಾಗ ಮಾತ್ರ ಬೇರೆ ಕೆಲಸ ಮಾಡತೊಡಗಿತು. ಹಾಡುವಾಗ ಒಂದು ಪೆಟ್ಟು ತುಂಬಲು ಬಂದ ವಿಶೇಷಣ ಅಚ್ಚಿನಲ್ಲಿ ಒಂದು ಮಾಹಿತಿಯಾಯಿತು. ಇಂಗ್ಲಿಷ್ ಹಾಡನ್ನಷ್ಟೇ ಬಲ್ಲವರಿಗೆ ಬಲೂನುಗಳೆಂದರೆ ಕೆಂಪೇ. ಶೀತಲ ಸಮರದ ಆ ವರ್ಷಗಳಲ್ಲಿ ಕೆಂಪಿಗೆ ರಾಜಕೀಯದ ಅರ್ಥವೂ ಅಂಟಿಕೊಂಡಿತ್ತು. ಯಾರದೋ ಆಟದ ಬಲೂನುಗಳನ್ನು ಸೇನೆ ಶತ್ರುವೆಂದು ತಪ್ಪು ತಿಳಿಯುವ ಕಥೆಯಲ್ಲಿ ಬಲೂನಿಗೆ ಕೆಂಪು ಬಣ್ಣ ಕೊಟ್ಟರೆ ಆ ತಪ್ಪಿಗೆ ಒಂದು ನೆಪ ಸಿಕ್ಕಂತಾಗುತ್ತದೆ. ಮೂಲದಲ್ಲಿ ಆ ನೆಪವಿಲ್ಲ. ಅಲ್ಲಿನ ಭಯವೆಲ್ಲ ನೋಡುವವರ ತಲೆಯೊಳಗಿನದು.

ಹೆಸರನ್ನು ದಾಟಿ ಒಳಗೆ ಹೋದರೆ ದೂರ ಇನ್ನೂ ಹೆಚ್ಚುತ್ತದೆ. ಜರ್ಮನ್ ಹಾಡು ಕೇಳುಗರನ್ನು ನೇರವಾಗಿ ಮಾತಾಡಿಸಿ, ಸ್ವಲ್ಪ ಸಮಯವಿದ್ದರೆ ಕಥೆಯೊಂದನ್ನು ಹಾಡುವೆನೆಂದು ಆರಂಭಿಸುತ್ತದೆ. ಇಂಗ್ಲಿಷ್ ಹಾಡು ಇಬ್ಬರು ಆಟಿಕೆಯ ಅಂಗಡಿಯಲ್ಲಿ ಬಲೂನು ಕೊಳ್ಳುವುದರಿಂದ ಆರಂಭವಾಗುತ್ತದೆ. ಜರ್ಮನ್ನಿನಲ್ಲಿ 99 ಎಂಬ ಸಂಖ್ಯೆಯೇ ಕಥೆಯ ಬೆನ್ನೆಲುಬು. ಬಲೂನುಗಳು 99, ಅವುಗಳ ಬೆನ್ನು ಹತ್ತಿದ ಜೆಟ್ ವಿಮಾನಗಳ ಪೈಲಟ್‌ಗಳು 99, ಯುದ್ಧ ಮಂತ್ರಿಗಳು 99, ಕೊನೆಗೆ ಯುದ್ಧ ನಡೆದದ್ದು 99 ವರ್ಷ. ಗೆದ್ದವರು ಯಾರೂ ಉಳಿದಿಲ್ಲ. ಸಣ್ಣ ಕಾರಣ ಅದೇ ಸಂಖ್ಯೆಯ ಮೆಟ್ಟಿಲು ಹತ್ತುತ್ತ ದೊಡ್ಡ ನಾಶವಾಗುತ್ತದೆ. ಇಂಗ್ಲಿಷಿನಲ್ಲಿ ಕೊನೆಯ ಮೆಟ್ಟಿಲು ಬದಲಾಗಿದೆ. ಅಲ್ಲಿ 99 ವರ್ಷಗಳ ಯುದ್ಧದ ಜಾಗಕ್ಕೆ 99 ಕನಸುಗಳು ಬಂದಿವೆ. ನಾಶ ನಿಜವಾಗಿ ನಡೆಯಿತೋ ಕನಸೋ ಎಂಬ ಅನುಮಾನಕ್ಕೆ ಇದು ಎಡೆ ಮಾಡಿದೆ. ಈ ರೂಪ ತಮಗೆ ತೃಪ್ತಿ ಕೊಡಲಿಲ್ಲ ಎಂದು ನೇನಾ ತಂಡದವರೇ ಹೇಳಿದ್ದರು.

ಪ್ರಾಸದ ವಿಷಯದಲ್ಲಿ ಮೂಲ ಹಾಡು ಬಹಳ ಚುರುಕು. ಯುದ್ಧ ಮಂತ್ರಿಗೆ ಜರ್ಮನ್ ಪದ 'ಕ್ರೀಗ್ಸ್‌ಮಿನಿಸ್ಟರ್'. ಪೆಟ್ರೋಲಿನ ಕ್ಯಾನಿಗೆ 'ಬೆನ್ಸೀನ್‌ಕಾನಿಸ್ಟರ್'. ಕಾರ್ಗೆಸ್ ಇವೆರಡನ್ನೂ ಪ್ರಾಸದಲ್ಲಿ ಕಟ್ಟಿ, ನಡುವೆ ಬೆಂಕಿಕಡ್ಡಿಯನ್ನೂ ತಂದಿದ್ದಾರೆ. ಮಂತ್ರಿಗಳು ಬೆಂಕಿ ಹಚ್ಚುವವರು ಎಂದು ಹಾಡು ವಾದಿಸಬೇಕಾಗಿಲ್ಲ. ಮಿನಿಸ್ಟರ್ ಎಂಬ ನಾದದ ಬೆನ್ನಿಗೇ ಕಾನಿಸ್ಟರ್ ಬಂದಾಗ ಕಿವಿಯೇ ಎರಡನ್ನೂ ಒಂದಾಗಿಸುತ್ತದೆ. ಇಲ್ಲಿ ಪ್ರಾಸವೇ ಅರ್ಥವನ್ನು ಹೊತ್ತಿದೆ. ಅರ್ಥ ಮತ್ತು ಪ್ರಾಸ ಎರಡು ಬೇರೆ ವಸ್ತುಗಳೆಂದು ಹೇಳುವವರು ಇಂಥ ಜಾಗಗಳನ್ನು ಮರೆತಿರುತ್ತಾರೆ. ಇಂಗ್ಲಿಷಿನಲ್ಲೂ ಈ ಎರಡು ಪದಗಳು ನಾದದಲ್ಲಿ ಹತ್ತಿರವೇ ಇದ್ದವು. ಆದರೂ ಮ್ಯಾಕ್‌ಅಲಿಯಾ ಅವನ್ನು ಬಳಸಲಿಲ್ಲ. ಮಂತ್ರಿಗಳು ಸೇರಿ ಗಡಿಬಿಡಿ ಮಾಡುವ ಚಿತ್ರ ಅಲ್ಲಿ ಉಳಿದಿದೆ, ಪೆಟ್ರೋಲು ಮಾಯವಾಗಿದೆ.

ಇದೇ ಹೆಸರನ್ನು ಕನ್ನಡಕ್ಕೆ ತರುವುದಾದರೆ ಲೆಕ್ಕ ಹೇಗೆ ಬರುತ್ತದೆ ನೋಡಬಹುದು. ನೇರ ಅನುವಾದ 'ತೊಂಬತ್ತೊಂಬತ್ತು ಬಲೂನುಗಳು'. ಅರ್ಥ ಸಂಪೂರ್ಣ. ಆದರೆ ಜರ್ಮನ್ ಹೆಸರಿನಲ್ಲಿ ಏಳು ಉಚ್ಚಾರಾಂಶಗಳಿದ್ದರೆ ಇಲ್ಲಿ ಹತ್ತು ಅಕ್ಷರ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿದರೆ ತೊಂಬತ್ತೊಂಬತ್ತು ಒಂದಕ್ಕೇ ಒಂಬತ್ತು ಮಾತ್ರೆ, ಬಲೂನುಗಳು ಆರು, ಒಟ್ಟು ಹದಿನೈದು. ಮೂಲದ ರಾಗದಲ್ಲಿ ಇದನ್ನು ಕೂರಿಸಲು ಹೋದರೆ ಕೊನೆಯ ಮೂರು ಅಕ್ಷರಗಳನ್ನು ನುಂಗಬೇಕಾಗುತ್ತದೆ. ಕನ್ನಡದಲ್ಲಿ ಬಹುವಚನ, ವಿಭಕ್ತಿ, ಕಾಲ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ಜರ್ಮನ್ ಅಥವಾ ಇಂಗ್ಲಿಷಿನ ಚಿಕ್ಕ ಸಾಲು ಇಲ್ಲಿಗೆ ಬಂದಾಗ ಉದ್ದವಾಗುವುದು ಸಾಮಾನ್ಯ.

ಆಡುಮಾತಿಗೆ ಬಂದರೆ ದಾರಿ ತೆರೆಯುತ್ತದೆ. ಎಣಿಸುವಾಗ ಜನ ಕೊನೆಯ ಉಕಾರವನ್ನು ಬಿಟ್ಟು 'ತೊಂಬತ್ತೊಂಬತ್' ಎನ್ನುತ್ತಾರೆ. ಸಂಖ್ಯೆಯ ಮುಂದೆ ಬಹುವಚನವೂ ಕನ್ನಡಕ್ಕೆ ಬೇಕಿಲ್ಲ. ಹತ್ತು ಮಾವಿನಹಣ್ಣು ಎನ್ನುವಂತೆ ತೊಂಬತ್ತೊಂಬತ್ತು ಬಲೂನು ಎಂದರೆ ಸಾಕು. ಹೀಗೆ 'ತೊಂಬತ್ತೊಂಬತ್ ಬಲೂನು' ಎಂದಾಗ ಅಕ್ಷರಗಳು ಸರಿಯಾಗಿ ಏಳು. ಜರ್ಮನ್ ಸಂಖ್ಯೆಯಲ್ಲಿ 'ನೊಯ್ನ್' ಎರಡು ಸಲ ಮೊಳಗುವಂತೆ ಇಲ್ಲೂ 'ಒಂಬತ್' ಎರಡು ಸಲ ಮೊಳಗುತ್ತದೆ. ಕೆಲಸ ಮುಗಿಯಿತು ಎನಿಸುವುದು ಇಲ್ಲೇ. ಹಾಡಿ ನೋಡಿದರೆ ಮಾತ್ರ ತೊಡಕು ತಿಳಿಯುತ್ತದೆ. ಜರ್ಮನ್ನಿನಲ್ಲಿ ಭಾರ-ಹಗುರ-ಭಾರ ಎಂದು ಬರುವ ಕಡೆ ಕನ್ನಡದ 'ಬ-ಲೂ-ನು' ಲಘು-ಗುರು-ಲಘು. ಎಣಿಕೆ ಸರಿ, ತೂಕ ತಲೆಕೆಳಗು. ಪೆಟ್ಟು ಬೀಳುವಲ್ಲಿ ಹ್ರಸ್ವ 'ಬ' ಸಿಕ್ಕಿ ಗಾಯಕರು ಅದನ್ನು 'ಬಾ' ಎಂದು ಎಳೆಯಬೇಕಾಗುತ್ತದೆ. ಪದದ ಮುಖವೇ ಬದಲಾಗುತ್ತದೆ. ಅಕ್ಷರಗಳನ್ನು ಮಾತ್ರ ಎಣಿಸಿ ಲಯ ಉಳಿಯಿತೆಂದು ತಿಳಿಯುವುದು ಹಾಡಿನ ಅನುವಾದದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಗುರು-ಲಘು-ಗುರುವೇ ಬೇಕೆಂದು ಹುಡುಕಿದರೆ ಸಿಗುವ ಪದ ಕುತೂಹಲದ್ದು. ಕೆಂದಾವರೆ, ಕೆಂಗುಲಾಬಿಗಳ ಮಾದರಿಯಲ್ಲಿ 'ಕೆಂಬಲೂನ್' ಎಂದು ಕಟ್ಟಬಹುದು. 'ಕೆಂ' ಗುರು, 'ಬ' ಲಘು, 'ಲೂನ್' ಗುರು. 'ತೊಂಬತ್ತೊಂಬತ್ ಕೆಂಬಲೂನ್' ಮೂಲದ ನಡೆಗೆ ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಹೊಂದುತ್ತದೆ. ಅಂದರೆ ಕನ್ನಡದ ಲಯವೂ ಬೇರೆ ದಾರಿಯಿಂದ ನಡೆದು ಅದೇ ಕೆಂಪು ಬಣ್ಣಕ್ಕೇ ಬಂದು ನಿಂತಿತು. ಇಂಗ್ಲಿಷಿನವರನ್ನು ಬೇಜವಾಬ್ದಾರರೆನ್ನುವ ಮೊದಲು ಇದನ್ನು ನೆನೆಯುವುದು ನ್ಯಾಯ. ಅರ್ಥಕ್ಕೆ ಇನ್ನೂ ಹತ್ತಿರದ ಪರಿಹಾರವೊಂದಿದೆ. ಬಲೂನಿಗೆ ಕನ್ನಡ ನಾಡಿನ ಹಲವೆಡೆ ಬುಗ್ಗೆ ಎನ್ನುತ್ತಾರೆ. 'ತೊಂಬತ್ತೊಂಬತ್ ಹಾರುಬುಗ್ಗೆ' ಎಂದರೆ ಗುರು-ಲಘು-ಗುರು ಸಿಗುತ್ತದೆ, ಕೊನೆಯಲ್ಲಿ ಒಂದು 'ಗೆ' ಮಿಗುತ್ತದೆ. ಕೊನೆಯ ಸ್ವರವನ್ನು ಎರಡಾಗಿ ಒಡೆದು ಆ 'ಗೆ'ಯನ್ನು ಒಳಗೆ ಸೇರಿಸಿಕೊಳ್ಳುವುದು ಗಾಯಕರಿಗೆ ಕಷ್ಟವಲ್ಲ. ಗಾಳಿಯ ಜಾಗಕ್ಕೆ ಹಾರಾಟ ಬಂತು, ಬಣ್ಣ ಬರಲಿಲ್ಲ. ಹಾಡುವುದಕ್ಕೆ ಇದೇ ಮೇಲು. ಬುಗ್ಗೆ ಎಂದರೆ ನೀರಿನ ಚಿಲುಮೆ ಎಂದು ತಿಳಿಯುವವರೂ ಇದ್ದಾರೆ ಎಂಬುದಷ್ಟೇ ಇದರ ಮಿತಿ.

ಪೋಸ್ಟರಿಗೆ ಈ ಯಾವ ಕಸರತ್ತೂ ಬೇಡ. ಅಲ್ಲಿ ಹೆಸರನ್ನು '99 ಬಲೂನು' ಎಂದು ಬರೆಯಬಹುದು. ಅಂಕೆಯನ್ನು ಕಣ್ಣು ಒಂದೇ ನೋಟಕ್ಕೆ ಹಿಡಿಯುತ್ತದೆ, ಅದರ ಉಚ್ಚಾರ ಎಷ್ಟು ಉದ್ದವೆಂಬ ಪ್ರಶ್ನೆ ಏಳುವುದೇ ಇಲ್ಲ. ಮೂಲ ಹೆಸರೂ ಅಂಕೆಯಲ್ಲೇ ಇರುವುದರಿಂದ ಜರ್ಮನ್ ಕವರನ್ನು ನೋಡಿದವರಿಗೆ ಇದು ಅದೇ ಹಾಡೆಂದು ಥಟ್ಟನೆ ತಿಳಿಯುತ್ತದೆ. ಹಾಡುವವರಿಗೆ ಅಂಕೆಯ ಆಸರೆಯಿಲ್ಲ, ಅವರು ಅದನ್ನು ಉಚ್ಚರಿಸಲೇಬೇಕು. ಓದುವವರಿಗೆ ಆ ಆಸರೆ ಇದೆ. ಹೀಗಿರುವಾಗ ಹಾಡಲು ಕಟ್ಟಿದ 'ಕೆಂಬಲೂನ'ನ್ನು ಪೋಸ್ಟರಿಗೆ ತಂದರೆ, ರಾಗವಿಲ್ಲದ ಜಾಗದಲ್ಲಿ ರಾಗಕ್ಕಾಗಿ ತೆತ್ತ ಬೆಲೆ ಮಾತ್ರ ಉಳಿಯುತ್ತದೆ. ಚಿತ್ರದಲ್ಲಿ ಹಳದಿ, ನೀಲಿ ಬಲೂನುಗಳಿದ್ದು ಪದ ಕೆಂಪೆಂದರೆ ನೋಡುವವರು ಗೊಂದಲಪಡುತ್ತಾರೆ. ಚಿತ್ರಕಾರರು ಪದವನ್ನು ನಂಬಿ ಎಲ್ಲವನ್ನೂ ಕೆಂಪಾಗಿಸಿದರೆ ಮೂಲದಲ್ಲಿ ಇಲ್ಲದ್ದು ಗೋಡೆಯ ಮೇಲೆ ಖಾಯಮ್ಮಾಗುತ್ತದೆ.

ಪ್ರಾಸ ಕನ್ನಡದಲ್ಲಿ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಬಂದಿತು-ನಿಂದಿತು, ಹಾರುತಿದೆ-ಸೇರುತಿದೆ ಎಂದು ಸಾಲಿನ ಕೊನೆಗೆ ಪ್ರಾಸ ತಾನಾಗಿ ಸಿಗುತ್ತದೆ. 'ಮಂತ್ರಿಗಳು' ಎಂಬುದಕ್ಕೆ 'ಕಡ್ಡಿಗಳು' ಎಂದು ಜೋಡಿಸಿದರೂ ಪ್ರಾಸವೇ, ಆದರೆ ಅಲ್ಲಿ ಹೊಂದಿದ್ದು ಬಹುವಚನದ ಪ್ರತ್ಯಯ ಮಾತ್ರ. ಇಷ್ಟು ಸುಲಭದ ಪ್ರಾಸಕ್ಕೆ ಮಿನಿಸ್ಟರ್-ಕಾನಿಸ್ಟರ್ ಜೋಡಿಯ ಹರಿತ ಬರುವುದಿಲ್ಲ. ಅದನ್ನು ತರಲು ಹೋಗಿ 'ಮಂತ್ರಿ'ಗೆ 'ಕುತಂತ್ರಿ' ಎಂದು ಜೋಡಿಸುವ ಆಸೆ ಹುಟ್ಟಬಹುದು. ನಾದ ಚೆನ್ನಾಗಿ ಹೊಂದುತ್ತದೆ. ಆದರೆ ಮೂಲ ಒಂದು ವಸ್ತುವನ್ನು ತೋರಿಸಿ ಸುಮ್ಮನಾದರೆ ಈ ಅನುವಾದ ಬೈದುಬಿಡುತ್ತದೆ. ಪೆಟ್ರೋಲಿನ ಕ್ಯಾನು ಕಣ್ಣಿಗೆ ಕಂಡಾಗ ಹುಟ್ಟುವ ಅಂಜಿಕೆ ಬೈಗುಳದಲ್ಲಿಲ್ಲ. ಕನ್ನಡದ ಮಾತಿನಲ್ಲಿ ಮಿನಿಸ್ಟರು ಎಂಬ ಪದ ಬೇರೂರಿ ಬಹಳ ಕಾಲವಾಗಿದೆ. 'ಯುದ್ಧದ ಮಿನಿಸ್ಟರು' ಮತ್ತು 'ಪೆಟ್ರೋಲ್ ಕ್ಯಾನಿಸ್ಟರು' ಎಂದು ಕಟ್ಟಿದರೆ ಮೂಲದ ಪ್ರಾಸ ಉಳಿಯುತ್ತದೆ, ಆದರೆ ಕ್ಯಾನಿಸ್ಟರು ಎಂದು ಬಂಕಿನಲ್ಲಿ ಯಾರೂ ಹೇಳುವುದಿಲ್ಲ, ಕ್ಯಾನು ಎನ್ನುತ್ತಾರೆ. ಲೋ ಅವರ ಲೆಕ್ಕದಲ್ಲಿ ಹೇಳುವುದಾದರೆ ಪ್ರಾಸಕ್ಕೆ ಪೂರ್ತಿ ಅಂಕ, ಸಹಜತೆಗೆ ಅರ್ಧ. ಹಾಡಿನಲ್ಲಿ ಈ ವ್ಯಾಪಾರ ಒಪ್ಪಿಗೆಯಾದೀತು.

ಅಚ್ಚಿನಲ್ಲಿ ಹಾಗೆ ಮಾಡಬೇಕಾಗಿಲ್ಲ, ಏಕೆಂದರೆ ಪುಟಕ್ಕೆ ತನ್ನದೇ ಸಾಧನಗಳಿವೆ. 'ಯುದ್ಧ ಮಂತ್ರಿಗಳು' ಎಂಬುದನ್ನು ಒಂದು ಸಾಲಿನ ಕೊನೆಗೂ 'ಪೆಟ್ರೋಲ್ ಕ್ಯಾನು' ಎಂಬುದನ್ನು ಅದರ ನೇರ ಕೆಳಗಿನ ಸಾಲಿನ ಕೊನೆಗೂ ನಿಲ್ಲಿಸಿದರೆ, ಕಿವಿ ಜೋಡಿಸುತ್ತಿದ್ದುದನ್ನು ಕಣ್ಣು ಜೋಡಿಸುತ್ತದೆ. ಸಾಲು ಎಲ್ಲಿ ಮುರಿಯಬೇಕೆಂಬ ತೀರ್ಮಾನವನ್ನು ಹಾಗಾಗಿ ಡಿಸೈನರ್ ಒಬ್ಬರಿಗೇ ಬಿಡಬಾರದು, ಅನುವಾದಕರು ಜೊತೆಯಲ್ಲಿ ಕೂರಬೇಕು. ಹಳಗನ್ನಡದ ಕಾಲದಿಂದ ಬಂದ ಆದಿಪ್ರಾಸವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಈ ಪ್ರಾಸ ಸಾಲಿನ ಆರಂಭದಲ್ಲಿರುವುದರಿಂದ, ಎಡಕ್ಕೆ ಸಮನಾಗಿ ಜೋಡಿಸಿದ ಪಠ್ಯದಲ್ಲಿ ಒಂದರ ಕೆಳಗೊಂದು ಸಾಲಾಗಿ ಕಾಣುತ್ತದೆ. ಕೊನೆಯ ಪ್ರಾಸ ಕಿವಿಗೆ ಒಗ್ಗುವಷ್ಟೇ ಇದು ಕಣ್ಣಿಗೂ ಒಗ್ಗುತ್ತದೆ. ಎಲ್ಲ ಸಾಲಿಗೂ ಒತ್ತಾಯದಿಂದ ತರದೆ ಎರಡು ಸಾಲಿಗೆ ಸಿಕ್ಕರೂ ಸಾಕು.

ರಾಗವಿಲ್ಲದ ಪುಟದಲ್ಲಿ ಲಯವೇ ಬೇಡವೆಂದು ಇದರರ್ಥವಲ್ಲ. ಮನಸ್ಸಿನಲ್ಲೇ ಓದುವಾಗಲೂ ಸಾಲಿಗೊಂದು ನಡೆ ಇರುತ್ತದೆ. ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನದ ಮೂಲಕ ತೋರಿಸಿದ್ದು ಇದನ್ನೇ. ಇಂಗ್ಲಿಷ್ ಕವಿತೆಯ ನಡೆ ಒತ್ತಿನದು, ಕನ್ನಡದ್ದು ಮಾತ್ರೆಯದು. ಶ್ರೀಯವರು ಒತ್ತನ್ನು ಅನುಕರಿಸಲು ಹೋಗಲಿಲ್ಲ. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಜೋಡಿಸಿ, ಆದಿಪ್ರಾಸದ ಕಡ್ಡಾಯವನ್ನು ಸಡಿಲಿಸಿ, ಮೂಲದ ಓಟಕ್ಕೆ ಸರಿದೂಗುವ ಕನ್ನಡದ ಓಟವನ್ನೇ ಹೊಸದಾಗಿ ಕಟ್ಟಿದರು. ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನೆಗೆ ಅವರು ಕೊಟ್ಟ 'ಕರುಣಾಳು ಬಾ ಬೆಳಕೆ' ಎಂಬ ರೂಪ ಕರ್ನಾಟಕದ ಶಾಲೆಗಳ ಗೋಡೆಯ ಮೇಲೂ ಮಕ್ಕಳ ಬಾಯಲ್ಲೂ ಉಳಿದಿದೆ. ಇಂಗ್ಲಿಷ್ ಚರ್ಚುಗಳ ಧಾಟಿಯನ್ನು ಅರಿಯದವರೂ ಅದನ್ನು ತಮ್ಮದೇ ಧಾಟಿಯಲ್ಲಿ ಹಾಡುತ್ತಾರೆ, ಧಾಟಿಯಿಲ್ಲದೆ ಓದಿದರೂ ಅದಕ್ಕೆ ನಡೆ ಇದೆ. ಮೂಲದ ರಾಗಕ್ಕೆ ಅಕ್ಷರ ಅಕ್ಷರ ಹೊಂದಿಸುವುದು ಒಂದು ಕೆಲಸ, ಗುರಿಭಾಷೆಯಲ್ಲಿ ಸಾಲಿಗೆ ಸ್ವಂತ ಲಯ ಕೊಡುವುದು ಇನ್ನೊಂದು. ಪೋಸ್ಟರಿಗೆ ಬೇಕಾಗುವುದು ಎರಡನೆಯದು, ಅದೂ ಅರ್ಥಕ್ಕೆ ತೊಂದರೆ ಕೊಡದಷ್ಟು. ನಾಲ್ಕು ಸಾಲಿನ ಪಠ್ಯವಾದರೆ ಪ್ರತಿ ಸಾಲೂ ಹೆಚ್ಚು ಕಡಿಮೆ ಒಂದೇ ಉಸಿರಿಗೆ ಬರುವಂತಿದ್ದರೆ ಸಾಕು, ಮಾತ್ರೆ ಒಂದೆರಡು ಏರುಪೇರಾದರೂ ನಡೆಯುತ್ತದೆ.

ಲಿರಿಕಲ್ ವಿಡಿಯೊ ಇವೆರಡರ ನಡುವಿನದು. ಚಿತ್ರದ ಪೋಸ್ಟರನ್ನೋ ಆಲ್ಬಮ್ಮಿನ ಫೋಟೊವನ್ನೋ ಹಿನ್ನೆಲೆಗಿಟ್ಟು, ಹಾಡು ಸಾಗಿದಂತೆ ಪದಗಳು ಮೇಲೆ ಮೂಡುವ ಈ ರೂಪದಲ್ಲಿ ಮೂಲದ ದನಿ ಕೇಳುತ್ತಲೇ ಇರುತ್ತದೆ. ಜಪಾನಿನ ಎಲ್‌ಪಿ ಹಾಳೆಯಂತೆ ಇಲ್ಲೂ ಲಯವನ್ನು ಕಿವಿ ಪಡೆಯುತ್ತದೆ. ಆದರೆ ಓದಲು ಸಮಯ ಕಡಿಮೆ. ಸಾಲೊಂದು ಮೂರು ನಾಲ್ಕು ಸೆಕೆಂಡು ಮಾತ್ರ ನಿಲ್ಲುವುದರಿಂದ ಉದ್ದದ ಕನ್ನಡ ವಾಕ್ಯ ಮುಗಿಯುವ ಮೊದಲೇ ಮರೆಯಾಗುತ್ತದೆ. ಇಲ್ಲಿ ಪ್ರಾಸ ಬೇಡ, ಅಳತೆ ಬೇಕು. ಇನ್ನೊಂದು ತೊಡಕು ಪದಗಳ ಅನುಕ್ರಮದ್ದು. ಗಾಯಕಿ ಬಲೂನು ಎಂದು ಎಳೆಯುವ ಹೊತ್ತಿಗೆ ತೆರೆಯ ಮೇಲಿನ ಸಾಲಿನಲ್ಲೂ ಬಲೂನು ಇರಬೇಕು. ಕನ್ನಡದ ವಾಕ್ಯಕ್ರಮ ಅದನ್ನು ಮುಂದಿನ ಸಾಲಿಗೆ ತಳ್ಳಿದರೆ, ಜರ್ಮನ್ ಬಾರದವರಿಗೂ ಕಿವಿ-ಕಣ್ಣುಗಳ ಜಗಳ ಗೊತ್ತಾಗುತ್ತದೆ. ಕನ್ನಡದಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡಲು ಸಾಕಷ್ಟು ಸ್ವಾತಂತ್ರ್ಯವಿರುವುದರಿಂದ ಇದನ್ನು ಬಹಳ ಸಲ ಸರಿಪಡಿಸಬಹುದು.

ಸಿದ್ಧವಾದ ಅನುವಾದದಲ್ಲಿ ಲಯ ಅಥವಾ ಪ್ರಾಸಕ್ಕಾಗಿ ಅರ್ಥ ಬಿಟ್ಟುಕೊಟ್ಟಿರುವುದನ್ನು ಮೂಲಭಾಷೆ ಬಾರದವರೂ ತಕ್ಕಮಟ್ಟಿಗೆ ಗುರುತಿಸಬಹುದು. ಮೊದಲು ವಿಶೇಷಣಗಳನ್ನು ನೋಡಬೇಕು. ಬಣ್ಣ, ಗಾತ್ರ, 'ಮಧುರ', 'ಸುಂದರ' ಇಂಥ ಪದಗಳನ್ನು ತೆಗೆದರೂ ಮಾತು ಕೆಡದಿದ್ದರೆ ಅವು ಪಾದಪೂರಣಕ್ಕೆ ಬಂದವಾಗಿರುವ ಸಂಭವ ಹೆಚ್ಚು. ಆಮೇಲೆ ಸಾಲಿನ ಕೊನೆಯ ಪದ. ಇಡೀ ವಾಕ್ಯ ಆ ಒಂದು ಪದಕ್ಕೆ ತಲುಪಲು ಸುತ್ತಿ ಬಳಸಿ ಹೋಗುತ್ತಿದೆಯೆಂದರೆ ಪ್ರಾಸವೇ ಅದನ್ನು ಎಳೆಯುತ್ತಿದೆ. ಮೂರನೆಯದು ಪುನರಾವರ್ತನೆ. ಮೂಲದಲ್ಲಿ ನಾಲ್ಕು ಸಲ ಬಂದ ಪದ ಅನುವಾದದಲ್ಲಿ ನಾಲ್ಕು ಬೇರೆ ಪದಗಳಾಗಿದ್ದರೆ ಹಾಡಿನ ಕಟ್ಟಡವೇ ಸಡಿಲವಾಗಿದೆ. ಕಾರ್ಗೆಸ್ ಅವರ ಹಾಡಿನಲ್ಲಿ 99ರ ಸರಣಿ ಅಂಥದ್ದು. ಸಾಲಿಗೆ ಹೊಂದುತ್ತದೆಂದು ಒಂದು ಕಡೆ 'ನೂರಾರು' ಎಂದು ಬರೆದರೆ ಮೆಟ್ಟಿಲೊಂದು ಕುಸಿಯುತ್ತದೆ.

ಅಚ್ಚಿನ ಕಡೆಯಿಂದಲೂ ಅರ್ಥ ಕೆಡುವುದುಂಟು. ಜರ್ಮನ್ ಸಾಲಿಗೆಂದು ಅಳೆದ ಜಾಗದಲ್ಲಿ ಕನ್ನಡ ಹಿಡಿಸುವುದಿಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು-ದೀರ್ಘಗಳು ಮೇಲೂ ಪಕ್ಕಕ್ಕೂ ಹರಡುತ್ತವೆ. ತೊಂಬತ್ತೊಂಬತ್ತು ಎಂಬ ಪದವೊಂದರಲ್ಲೇ ಎರಡು ಒತ್ತುಗಳಿವೆ. ರೋಮನ್ ಲಿಪಿಗೆ ಇಟ್ಟ ಸಾಲಂತರವನ್ನೇ ಉಳಿಸಿಕೊಂಡರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಜಾಗ ಸಾಲದೆ ಡಿಸೈನರು ಪದವನ್ನು ಎಲ್ಲೆಂದರಲ್ಲಿ ಮುರಿದರೆ ಲಯವೂ ಅಲ್ಲೇ ಮುರಿಯುತ್ತದೆ. ಅಕ್ಷರದ ಗಾತ್ರ ಕುಗ್ಗಿಸುವುದಕ್ಕಿಂತ ಪ್ರತ್ಯಯಗಳನ್ನು ಕುಗ್ಗಿಸುವುದು ಮೇಲು. 'ಬಲೂನುಗಳು' 'ಬಲೂನು' ಆದದ್ದು ರಾಗಕ್ಕೆ ಒದಗಿದಂತೆ ಇಲ್ಲೂ ಒದಗುತ್ತದೆ.

ಹಕ್ಕಿನ ಪ್ರಶ್ನೆಯೂ ಎರಡು ಬಗೆಯ ಅನುವಾದಕ್ಕೂ ಒಂದೇ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ ಕೃತಿಯನ್ನು ಅನುವಾದಿಸುವ ಹಕ್ಕು ಹಕ್ಕುದಾರರದು, ಹಾಡಿನ ಸಾಹಿತ್ಯವೂ ಇದರೊಳಗೆ ಬರುತ್ತದೆ. ಬರೆದವರು ತೀರಿಕೊಂಡ ನಂತರ 60 ವರ್ಷ ಈ ಹಕ್ಕು ಉಳಿಯುತ್ತದೆ. ಕಾರ್ಗೆಸ್ ತೀರಿಕೊಂಡದ್ದು 2002ರಲ್ಲಿ. ಹಾಡಿನ ಹೆಸರಿಗಷ್ಟೇ ಸಾಮಾನ್ಯವಾಗಿ ಈ ರಕ್ಷಣೆ ಸಿಗುವುದಿಲ್ಲ. ಆದರೆ ಒಂದು ಚರಣವನ್ನು ಕನ್ನಡಕ್ಕೆ ತಂದು ಮಾರಾಟದ ಪೋಸ್ಟರಿನ ಮೇಲೆ ಅಚ್ಚು ಹಾಕುವವರು ಸಾಹಿತ್ಯದ ಪ್ರಕಾಶಕರಿಂದ ಅನುಮತಿ ಪಡೆಯಬೇಕು. ಅನುಮತಿ ಕೇಳುವಾಗ ಅದು ಓದಲು ಮಾಡಿದ ಅರ್ಥಾನುವಾದವೋ, ರಾಗಕ್ಕೆ ಹೊಂದಿಸಿದ ರೂಪವೋ ಎಂಬುದನ್ನು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು, ಏಕೆಂದರೆ ಎರಡನೆಯದರಲ್ಲಿ ಬದಲಾವಣೆ ಹೆಚ್ಚು. ಅದೇ ವಿವರ ಪೋಸ್ಟರಿನ ಕೆಳಗೂ ಸಣ್ಣ ಅಕ್ಷರದಲ್ಲಿ, ಮೂಲ ಸಾಹಿತಿಯ ಮತ್ತು ಅನುವಾದಕರ ಹೆಸರಿನ ಜೊತೆ ಇರಬೇಕು. ಆಗ ಮುಂದೊಬ್ಬರು ಆ ಸಾಲನ್ನು ಮೂರನೆಯ ಭಾಷೆಗೆ ಒಯ್ಯುವಾಗ ಕನ್ನಡವನ್ನೇ ಮೂಲವೆಂದು ತಿಳಿಯದೆ ಜರ್ಮನ್ ಪಠ್ಯವನ್ನು ತೆರೆದು ನೋಡುತ್ತಾರೆ.